ರಂಜಾನ್ ತಿಂಗಳಲ್ಲಿ ಕಚೇರಿ ಸಮಯ ಹೊಂದಿಸುವುದು ಹೇಗೆ? ಎಂಟು ಗಂಟೆಯ ಕೆಲಸ ಆರು ಗಂಟೆಯಲ್ಲಿ

ಪ್ರತಿ ವರ್ಷ ರಂಜಾನ್ ಹತ್ತಿರ ಬಂದಾಗ ಓದುಗರಿಂದ ಇದೇ ಪ್ರಶ್ನೆ ಬರುತ್ತದೆ. ಹೆಚ್ಚಿನವರು ಗಲ್ಫ್ ದೇಶಗಳಲ್ಲಿ ಸಣ್ಣ ತಂಡಗಳನ್ನು ನಡೆಸುವವರು. "ದಿನಕ್ಕೆ ಎರಡು ಗಂಟೆ ಕಡಿಮೆಯಾಗುತ್ತದೆ, ಆದರೆ ಕೆಲಸ ಅಷ್ಟೇ ಇರುತ್ತದೆ. ಏನು ಮಾಡೋದು?" ಅಂತ ಕೇಳುತ್ತಾರೆ.

ನನ್ನ ಉತ್ತರ ಇಷ್ಟು. ಉಪವಾಸ ಇರುವವರು ವೇಗವಾಗಿ ಕೆಲಸ ಮಾಡಲಿ ಅಂತ ಲೆಕ್ಕ ಹಾಕಿದರೆ ಅದು ಮೊದಲ ವಾರದಲ್ಲೇ ತಪ್ಪುತ್ತದೆ. ದಿನದಲ್ಲಿ ಕೆಲಸವೇ ಅಲ್ಲದ ಸಮಯ ಎಷ್ಟಿದೆ ಅಂತ ಹುಡುಕಿ, ಆ ಎರಡು ಗಂಟೆಯನ್ನು ಅದರಿಂದ ಕಡಿಯಬೇಕು. ಅದಕ್ಕೆ ತಯಾರಿ ಬೇಕು, ಮತ್ತು ಅದು ತಿಂಗಳು ಶುರುವಾಗುವ ಮೂರು ವಾರ ಮುಂಚೆಯೇ ಆರಂಭವಾಗಬೇಕು.

ಎಲ್ಲ ಥರದ ಕಚೇರಿಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಒಂದೇ ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಯುಎಇಯಲ್ಲಿ ಹತ್ತು ಜನರ ಒಂದು ಬಿಲ್ ವಿಭಾಗ ಅಂದುಕೊಳ್ಳಿ. ಸಪ್ಲೈಯರ್‌ಗಳಿಂದ ಬರುವ ಬಿಲ್‌ಗಳನ್ನು ಆರು ಜನ ಕಂಪ್ಯೂಟರ್‌ಗೆ ಹಾಕುತ್ತಾರೆ. ಒಬ್ಬರು ಬಂದ ಬಿಲ್‌ಗಳನ್ನು ತೆಗೆದುಕೊಂಡು ಹಂಚುತ್ತಾರೆ. ಇಬ್ಬರು ಒಪ್ಪಿಗೆ ಕೊಡುತ್ತಾರೆ. ಒಬ್ಬರು ತಂಡದ ಮುಖ್ಯಸ್ಥರು, ಪೇಮೆಂಟ್ ಜವಾಬ್ದಾರಿಯೂ ಅವರದೇ. ಬಿಲ್ ಹಾಕುವವರು ಒಬ್ಬೊಬ್ಬರು ದಿನಕ್ಕೆ 40 ಬಿಲ್ ಮುಗಿಸುತ್ತಾರೆ, ಅಂದರೆ ತಂಡದಿಂದ ದಿನಕ್ಕೆ 240. ನಿಮ್ಮಲ್ಲಿ ಬಿಲ್ ಬದಲು ಗ್ರಾಹಕರ ದೂರುಗಳೋ, ಸಾಗಣೆ ದಾಖಲೆಗಳೋ ಇರಬಹುದು. ಲೆಕ್ಕ ಹಾಕುವ ದಾರಿ ಒಂದೇ.

ಮೊದಲು ಕೆಲವು ಪದಗಳು

ತಂಡದಲ್ಲಿ ಎಲ್ಲರಿಗೂ ಗೊತ್ತಿರುವುದಿಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ಸಹರಿ ಅಂದರೆ ಬೆಳಗಿನ ಜಾವ, ಉಪವಾಸ ಶುರುವಾಗುವ ಮುಂಚೆ ಮಾಡುವ ಊಟ. ಇಫ್ತಾರ್ ಅಂದರೆ ಸೂರ್ಯ ಮುಳುಗಿದ ಮೇಲೆ ಉಪವಾಸ ಬಿಡುವುದು. ತರಾವೀಹ್ ಅಂದರೆ ಈ ತಿಂಗಳಲ್ಲಿ ರಾತ್ರಿ ಮಾಡುವ ವಿಶೇಷ ನಮಾಜ್. ಕಚೇರಿಯ ದೃಷ್ಟಿಯಲ್ಲಿ ಈ ಮೂರರಿಂದಲೂ ಆಗುವುದು ಒಂದೇ: ರಾತ್ರಿ ತಡವಾಗಿ ಮಲಗುವುದು, ಜಾವದಲ್ಲಿ ಏಳುವುದು. ನಿದ್ದೆ ದಿನಕ್ಕೆ ಸುಮಾರು ಒಂದು ಗಂಟೆ ಕಡಿಮೆಯಾಗುತ್ತದೆ, ಮತ್ತು ಎರಡು ತುಂಡಾಗುತ್ತದೆ. ಎಷ್ಟೋ ಮ್ಯಾನೇಜರ್‌ಗಳು ಹಸಿವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಮಧ್ಯಾಹ್ನದ ಮೇಲೆ ಕೆಲಸ ನಿಧಾನವಾಗುವುದಕ್ಕೆ ಹಸಿವು, ಬಾಯಾರಿಕೆ ಎಷ್ಟು ಕಾರಣವೋ ನಿದ್ದೆಯೂ ಅಷ್ಟೇ ಕಾರಣ.

ಹಂತ 1: ಕಾನೂನು ಏನು ಹೇಳುತ್ತದೆ ನೋಡಿ

ಇದನ್ನು ಮೊದಲು ಮಾಡಿ, ಯಾಕೆಂದರೆ ದೇಶದಿಂದ ದೇಶಕ್ಕೆ ನಿಯಮ ಬೇರೆ. ಯುಎಇಯಲ್ಲಿ ಖಾಸಗಿ ಕಂಪನಿಗಳ ಮಾಮೂಲಿ ಕೆಲಸದ ಸಮಯ ದಿನಕ್ಕೆ ಎರಡು ಗಂಟೆ ಕಡಿಮೆಯಾಗುತ್ತದೆ. ಇದು ಉಪವಾಸ ಇರುವವರಿಗೂ ಇರದವರಿಗೂ ಅನ್ವಯ. ಸೌದಿ ಅರೇಬಿಯಾದ ಕಾರ್ಮಿಕ ಕಾನೂನು ಮುಸ್ಲಿಂ ನೌಕರರಿಗೆ ದಿನಕ್ಕೆ 6 ಗಂಟೆ ಅಥವಾ ವಾರಕ್ಕೆ 36 ಗಂಟೆಯ ಮಿತಿ ಹಾಕಿದೆ. ಕತಾರ್‌ನಲ್ಲೂ ಮಿತಿ ವಾರಕ್ಕೆ 36 ಗಂಟೆ. ಭಾರತದಲ್ಲಿ ಖಾಸಗಿ ಕಚೇರಿಗಳಿಗೆ ಇಂಥ ದೇಶವ್ಯಾಪಿ ಕಾನೂನಿಲ್ಲ, ಅಲ್ಲಿ ಇದು ಕಂಪನಿಯ ತೀರ್ಮಾನ. ಯುಎಇಯ ಕೆಲವು ಫ್ರೀ ಝೋನ್‌ಗಳಿಗೆ, ಅಂದರೆ ತಮ್ಮದೇ ನಿಯಮ ಇರುವ ವ್ಯಾಪಾರ ವಲಯಗಳಿಗೆ, ಕಾರ್ಮಿಕ ಕಾನೂನೇ ಬೇರೆ. ಹಾಗಾಗಿ ನಿಮ್ಮ ಕಂಪನಿಯ ಲೈಸೆನ್ಸ್ ಎಲ್ಲಿಯದು ಅಂತ ಎಚ್‌ಆರ್ ಹತ್ತಿರ ಕೇಳಿಕೊಳ್ಳಿ.

ಎರಡು ಕಡೆ ಜನ ಎಡವುತ್ತಾರೆ. ಒಂದು, ಓವರ್‌ಟೈಮ್. ಯುಎಇಯಲ್ಲಿ ಮಿತಿ ಆರು ಗಂಟೆಗೆ ಇಳಿದ ಮೇಲೆ ಏಳನೆಯ ಗಂಟೆ ಓವರ್‌ಟೈಮ್ ಆಗುತ್ತದೆ. ಆ ಗಂಟೆಗೆ ಮೂಲ ವೇತನದ ಲೆಕ್ಕದಲ್ಲಿ ಕನಿಷ್ಠ 25 ಶೇಕಡಾ ಜಾಸ್ತಿ ಕೊಡಬೇಕು. ರಾತ್ರಿ 10ರಿಂದ ಬೆಳಗಿನ ಜಾವ 4ರ ನಡುವೆ ಆದರೆ 50 ಶೇಕಡಾ. "ಇವತ್ತೊಂದಿನ ಸ್ವಲ್ಪ ಹೊತ್ತು ಇದ್ದುಬಿಡಿ" ಅನ್ನುವ ಮಾತಿಗೆ ಬೆಲೆ ಇದೆ.

ಇನ್ನೊಂದು, ವಿರಾಮ. ಮಧ್ಯಾಹ್ನದ ಊಟದ ಗಂಟೆ ತೆಗೆದುಹಾಕಿ 9ರಿಂದ 3ರವರೆಗೆ ಒಂದೇ ಸಮ ಕೂರಿಸಿದರಾಯಿತು ಅಂತ ಹಲವರು ಯೋಚಿಸುತ್ತಾರೆ. ಆದರೆ ಯುಎಇ ಕಾನೂನಿನ ಪ್ರಕಾರ ಸತತ ಐದು ಗಂಟೆಗಿಂತ ಜಾಸ್ತಿ ವಿರಾಮವಿಲ್ಲದೆ ಕೆಲಸ ಮಾಡಿಸುವಂತಿಲ್ಲ. ವಿರಾಮ ಒಟ್ಟು ಒಂದು ಗಂಟೆಗಿಂತ ಕಡಿಮೆ ಇರಬಾರದು, ಅದು ಕೆಲಸದ ಸಮಯಕ್ಕೆ ಸೇರುವುದೂ ಇಲ್ಲ. ಕಾನೂನು ಪಕ್ಕಕ್ಕಿಟ್ಟರೂ ಆ ಒಂದು ಗಂಟೆ ನಿಮಗೇ ಬೇಕು. ಯಾಕೆ ಅಂತ ಹಂತ 4ರಲ್ಲಿ ನೋಡೋಣ.

ಹಂತ 2: ಎಂಟು ಗಂಟೆ ಎಲ್ಲಿಗೆ ಹೋಗುತ್ತಿದೆ ಅಂತ ಬರೆದಿಡಿ

ಇಡೀ ಕೆಲಸದ ಜೀವಾಳ ಈ ಹಂತ. ರಂಜಾನ್‌ಗೆ ಮೂರು ವಾರ ಮುಂಚೆ, ಒಂದು ಮಾಮೂಲಿ ವಾರ ಆರಿಸಿ. ಬಿಲ್ ಹಾಕುವ ಆರೂ ಜನ ತಮ್ಮ ದಿನವನ್ನು ಹದಿನೈದು ನಿಮಿಷದ ತುಂಡುಗಳಲ್ಲಿ ಬರೆದಿಡಲಿ. ಇದು ಯಾರನ್ನೂ ಅಳೆಯಲು ಅಲ್ಲ ಅಂತ ಮೊದಲೇ ಹೇಳಿ, ಹೆಸರು ಬರೆಯದ ಹಾಳೆ ಕೊಡಿ. ಇಲ್ಲದಿದ್ದರೆ ಎಲ್ಲರ ಹಾಳೆಯಲ್ಲೂ ಎಂಟು ಗಂಟೆ ಬರೀ ಕೆಲಸವೇ ಇರುತ್ತದೆ.

ನಮ್ಮ ಉದಾಹರಣೆಯಲ್ಲಿ ಒಬ್ಬರ ಸರಾಸರಿ ದಿನ ಹೀಗಿದೆ ಅಂದುಕೊಳ್ಳಿ. ಒಟ್ಟು 480 ನಿಮಿಷ. ಬಿಲ್ ಕೆಲಸಕ್ಕೆ 285 ನಿಮಿಷ, ಮೀಟಿಂಗ್‌ಗೆ 60, ಫೋನ್ ಮತ್ತು ಇಮೇಲ್‌ಗೆ 75, ಒಪ್ಪಿಗೆಗೆ ಕಾಯುತ್ತಾ ಕೂರುವುದು 30, ಚಹಾ ಮತ್ತು ಸಣ್ಣ ವಿರಾಮ 30. ಊಟದ ಗಂಟೆ ಇದರಲ್ಲಿ ಸೇರಿಲ್ಲ.

ಈಗ 285 ನಿಮಿಷದ ಒಳಗೂ ಸ್ವಲ್ಪ ಇಣುಕಿ ನೋಡಿ. ಸರಿಯಾಗಿ ಬಂದ ಒಂದು ಬಿಲ್‌ಗೆ ಆರೂವರೆ ನಿಮಿಷ ಸಾಕು. ಅಂದರೆ 40 ಬಿಲ್‌ಗೆ 260 ನಿಮಿಷ. ಉಳಿದ 25 ನಿಮಿಷ ಎಲ್ಲಿ ಹೋಯಿತು? ದಿನಕ್ಕೆ ಸುಮಾರು ಐದು ಬಿಲ್‌ಗಳು ಅರ್ಧಂಬರ್ಧ ಬಂದಿರುತ್ತವೆ. ಪಿಓ ನಂಬರ್, ಅಂದರೆ ಖರೀದಿ ಆದೇಶದ ಸಂಖ್ಯೆ, ಇರುವುದಿಲ್ಲ. ಅಥವಾ ಸಾಮಾನು ತಲುಪಿದ್ದಕ್ಕೆ ಸಹಿ ಇರುವುದಿಲ್ಲ. ಅದನ್ನು ಹುಡುಕಿ, ಕೇಳಿ, ಮತ್ತೆ ತೆರೆದು ಹಾಕುವುದಕ್ಕೆ ಬಿಲ್‌ಗೆ ಐದು ನಿಮಿಷ ಹೆಚ್ಚುವರಿ.

ನಮಗೆ ಬೇಕಾದ ಉಳಿತಾಯ 120 ನಿಮಿಷ. ಅದು ಎಲ್ಲಿ ಸಿಗುತ್ತದೆ ಅಂತ ಈಗಾಗಲೇ ಕಾಣುತ್ತಿದೆ, ಅಲ್ವಾ?

ಹಂತ 3: 120 ನಿಮಿಷ ಕಡಿಯಿರಿ

ಒಂದೊಂದಾಗಿ ನೋಡೋಣ.

ಮೀಟಿಂಗ್: 60 ನಿಮಿಷದಿಂದ 15ಕ್ಕೆ. ಬೆಳಿಗ್ಗೆ ಒಂದೇ ಒಂದು ಸಲ, ನಿಂತುಕೊಂಡೇ. ನಿನ್ನೆ ಉಳಿದದ್ದೇನು, ಇವತ್ತು ಅಡ್ಡಿ ಏನು, ಅಷ್ಟೇ. ವಾರದ ವರದಿ ಮೀಟಿಂಗ್‌ಗಳನ್ನು ತಿಂಗಳ ಮಟ್ಟಿಗೆ ನಿಲ್ಲಿಸಿ, ಬರಹದಲ್ಲಿ ಕಳಿಸಿ. ಇಲ್ಲಿ ಒಂದು ಎಚ್ಚರಿಕೆ. ಬೇರೆ ವಿಭಾಗದವರು ಕರೆಯುವ ಮೀಟಿಂಗ್‌ಗಳು ನಿಮ್ಮ ಕೈಯಲ್ಲಿ ಇರುವುದಿಲ್ಲ. ಅವರ ಜೊತೆ ಈಗಲೇ, ಮೂರು ವಾರ ಮುಂಚೆಯೇ ಮಾತಾಡಿ. ರಂಜಾನ್ ಶುರುವಾದ ಮೇಲೆ ಕೇಳಿದರೆ "ಈ ವಾರ ಮಾತ್ರ ಬನ್ನಿ" ಅಂತ ತಿಂಗಳಿಡೀ ಹೇಳುತ್ತಾರೆ. ಇಲ್ಲಿ ಸಿಕ್ಕಿದ್ದು 45 ನಿಮಿಷ.

ಫೋನ್ ಮತ್ತು ಇಮೇಲ್: 75ರಿಂದ 45ಕ್ಕೆ. ಸಪ್ಲೈಯರ್‌ಗಳ ಹತ್ತರಲ್ಲಿ ಏಳೆಂಟು ಫೋನ್‌ಗಳ ಪ್ರಶ್ನೆ ಒಂದೇ: "ನಮ್ಮ ಪೇಮೆಂಟ್ ಯಾವಾಗ?" ವಾರಕ್ಕೊಮ್ಮೆ ಎಲ್ಲರಿಗೂ ಅವರ ಬಿಲ್‌ಗಳ ಸ್ಥಿತಿ ಇಮೇಲ್‌ನಲ್ಲಿ ಕಳಿಸಿ. ಜೊತೆಗೆ, ಫೋನ್ ತೆಗೆದುಕೊಳ್ಳುವ ಸಮಯ ಮಧ್ಯಾಹ್ನ 1.30ರಿಂದ 2.15 ಅಂತ ತಿಳಿಸಿ. ತುರ್ತು ಇದ್ದರೆ ತಂಡದ ಮುಖ್ಯಸ್ಥರ ನಂಬರ್. ಹೀಗೆ 30 ನಿಮಿಷ.

ಒಪ್ಪಿಗೆಗೆ ಕಾಯುವುದು: 30ರಿಂದ 10ಕ್ಕೆ. ಒಪ್ಪಿಗೆ ಕೊಡುವ ಇಬ್ಬರೂ ದಿನಕ್ಕೆ ಎರಡು ಸಲ, 11 ಗಂಟೆಗೆ ಮತ್ತು 2.30ಕ್ಕೆ, ಕೂತು ತಮ್ಮ ಸರದಿ ಖಾಲಿ ಮಾಡಬೇಕು. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರಿಗೆ ಒಪ್ಪಿಗೆಯ ಅಧಿಕಾರ ಸಿಸ್ಟಂನಲ್ಲಿ ಮೊದಲೇ ಕೊಟ್ಟಿರಬೇಕು. ಬಾಯಿಮಾತಿನಲ್ಲಿ ಅಲ್ಲ, ಸಿಸ್ಟಂನಲ್ಲಿ. ರಂಜಾನ್‌ನ ಕೊನೆ ಭಾಗದಲ್ಲಿ ಹಿರಿಯರು ಉಮ್ರಾ ಯಾತ್ರೆಗೆ ರಜೆ ಹಾಕುವುದು ಮಾಮೂಲು. ಆಗ ಇಡೀ ತಂಡ ಒಂದು ಸಹಿಗೆ ಕಾದು ಕೂರುತ್ತದೆ. ಇಲ್ಲಿ 20 ನಿಮಿಷ.

ಅರ್ಧಂಬರ್ಧ ಬಿಲ್‌ಗಳು: 25ರಿಂದ ಸೊನ್ನೆಗೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಬಿಲ್ ತೆಗೆದುಕೊಳ್ಳುವವರು ಮೂರೇ ಮೂರು ವಿಷಯ ನೋಡಬೇಕು: ಪಿಓ ನಂಬರ್ ಇದೆಯಾ, ಸಾಮಾನು ತಲುಪಿದ ಸಹಿ ಇದೆಯಾ, ಮೊತ್ತ ಪಿಓ ಜೊತೆ ಹೊಂದುತ್ತಾ. ಒಂದು ಇಲ್ಲದಿದ್ದರೂ ಬಿಲ್ ಒಳಗೆ ಬರಬಾರದು, ಅಲ್ಲಿಂದಲೇ ವಾಪಸ್ ಹೋಗಬೇಕು. ದೊಡ್ಡ ಸಪ್ಲೈಯರ್‌ಗಳು ಮೊದಲ ವಾರ ಗೊಣಗುತ್ತಾರೆ. ಅದಕ್ಕೇ ಈ ನಿಯಮವನ್ನು ರಂಜಾನ್ ಶುರುವಾಗುವ ಎರಡು ವಾರ ಮುಂಚೆಯೇ ಜಾರಿಗೆ ತನ್ನಿ. ಗೊಣಗಾಟ ಮುಗಿದ ಮೇಲೆ ತಿಂಗಳು ಶುರುವಾಗಲಿ.

ಕೂಡಿಸಿ ನೋಡಿ: 45, 30, 20, 25. ಸರಿಯಾಗಿ 120. ಹೊಸ ದಿನದಲ್ಲಿ ಬಿಲ್‌ಗೆ 260 ನಿಮಿಷ, ಮೀಟಿಂಗ್‌ಗೆ 15, ಫೋನ್‌ಗೆ 45, ಕಾಯುವುದಕ್ಕೆ 10, ಸಣ್ಣ ವಿರಾಮಕ್ಕೆ 30. ಒಟ್ಟು 360 ನಿಮಿಷ, ಆರು ಗಂಟೆ.

ಸಣ್ಣ ವಿರಾಮದ 30 ನಿಮಿಷವನ್ನು ನಾನು ಮುಟ್ಟಲಿಲ್ಲ ಅನ್ನುವುದನ್ನು ಗಮನಿಸಿ. "ಚಹಾ ಕುಡಿಯುವುದಿಲ್ಲವಲ್ಲ, ಅದನ್ನೂ ಕಡಿಯೋಣ" ಅಂತ ಹೇಳುವವರು ಇರುತ್ತಾರೆ. ಬೇಡ. ನೀರೂ ಕುಡಿಯದೆ ಪರದೆ ನೋಡುತ್ತಾ ಕೂತವರಿಗೆ ಎದ್ದು ಓಡಾಡುವ ಹತ್ತು ನಿಮಿಷ ಬೇಕೇ ಬೇಕು.

ನಿಮ್ಮ ಕಚೇರಿಯ ಲೆಕ್ಕ ಹೀಗೆ ಸರಿಯಾಗಿ ಕೂಡದೇ ಇರಬಹುದು. 120ಕ್ಕೆ ಬದಲು 90 ಮಾತ್ರ ಸಿಕ್ಕರೆ, ಉಳಿದ 30 ನಿಮಿಷದ ಕೆಲಸವನ್ನು ತಿಂಗಳ ಆಚೆಗೆ ಹಾಕಬೇಕು. ಅದನ್ನು ಜನರ ವೇಗಕ್ಕೆ ಸೇರಿಸಬೇಡಿ.

ಹಂತ 4: ಆರು ಗಂಟೆ ಯಾವಾಗ ಇಡಬೇಕು?

ಇದಕ್ಕೆ ಎರಡು ತುದಿಗಳಿಂದ ಲೆಕ್ಕ ಹಾಕಿ. ಸಂಜೆಯ ತುದಿ ಇಫ್ತಾರ್. ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ರಸ್ತೆಯಲ್ಲಿ ಇರಲೇಬಾರದು. ಎಲ್ಲರೂ ಮನೆಗೆ ಧಾವಿಸುವ ಹೊತ್ತು ಅದು, ಅಪಘಾತದ ಭಯವೂ ಜಾಸ್ತಿ. ಸೂರ್ಯಾಸ್ತ ಸುಮಾರು 6.20 ಅಂತಾದರೆ ಒಂದು ಗಂಟೆ ದೂರದಲ್ಲಿರುವವರು ಮನೆ ಸೇರಿ ಸ್ವಲ್ಪ ಮಲಗಲು ಸಾಧ್ಯವಾಗಬೇಕು. ಅಂದರೆ 4 ಗಂಟೆಗೆ ಬಾಗಿಲು ಮುಚ್ಚಬೇಕು.

ಬೆಳಗಿನ ತುದಿ ನಿದ್ದೆ. ಜಾವದ ನಮಾಜ್ ಮುಗಿಸಿ ಮತ್ತೆ ಎರಡು ಗಂಟೆ ಮಲಗುವವರು ಬಹಳ. 7.30ಕ್ಕೆ ಕಚೇರಿ ಇಟ್ಟರೆ ಆ ನಿದ್ದೆ ಹೋಗುತ್ತದೆ, ಅದರ ಪರಿಣಾಮ ಮಧ್ಯಾಹ್ನ ತಪ್ಪುಗಳಲ್ಲಿ ಕಾಣುತ್ತದೆ. ತಡವಾಗಿ, 10.30ಕ್ಕೆ ಶುರು ಮಾಡಿದರೆ ಚುರುಕಾಗಿರುವ ಬೆಳಗಿನ ಹೊತ್ತೇ ಕೈತಪ್ಪುತ್ತದೆ. ಹೀಗಾಗಿ 9ರಿಂದ 4, ಮಧ್ಯೆ 12.30ರಿಂದ 1.30 ವಿರಾಮ, ನನ್ನ ಆಯ್ಕೆ. ಆ ಒಂದು ಗಂಟೆಯಲ್ಲಿ ನಮಾಜ್ ಮಾಡಬಹುದು, ಉಪವಾಸ ಇಲ್ಲದವರು ಊಟ ಮಾಡಬಹುದು, ಇಪ್ಪತ್ತು ನಿಮಿಷ ಕಣ್ಣು ಮುಚ್ಚಬಹುದು. ಒಂದು ಮೀಟಿಂಗ್ ಕೋಣೆಯ ದೀಪ ಆರಿಸಿ ಅದಕ್ಕೇ ಬಿಟ್ಟುಕೊಡಿ. ಮಧ್ಯಾಹ್ನದ ಕೆಲಸ ಎಷ್ಟು ಸುಧಾರಿಸುತ್ತದೆ ನೋಡಿ.

ದಿನದ ಒಳಗಿನ ಜೋಡಣೆ ಹೀಗೆ. 9ಕ್ಕೆ ಹದಿನೈದು ನಿಮಿಷದ ಮಾತು. 9.15ರಿಂದ 12.30 ಬಿಲ್ ಕೆಲಸ ಮಾತ್ರ, ಫೋನ್ ಇಲ್ಲ. ದೊಡ್ಡ ಮೊತ್ತದ, ಗೊಂದಲದ ಬಿಲ್‌ಗಳು ಈ ಹೊತ್ತಿಗೆ. ಬ್ಯಾಂಕಿಗೆ ಪೇಮೆಂಟ್ ಫೈಲ್ ಕಳಿಸುವುದು, ಅದರ ಎರಡನೇ ಪರಿಶೀಲನೆ, ಎರಡೂ ಬೆಳಿಗ್ಗೆಯೇ ಆಗಬೇಕು. 1.30ಕ್ಕೆ ಫೋನ್ ಮತ್ತು ಇಮೇಲ್. 2.15ರಿಂದ ಸುಲಭದ, ಪ್ರತಿ ತಿಂಗಳೂ ಒಂದೇ ಥರ ಬರುವ ಬಿಲ್‌ಗಳು. 3ರ ಮೇಲೆ ಯಾವ ಪೇಮೆಂಟೂ ಹೋಗಬಾರದು ಅನ್ನುವ ನಿಯಮ ಇಡಿ. ದಣಿದ ಕಣ್ಣಿಗೆ ಒಂದು ಸೊನ್ನೆ ಜಾಸ್ತಿ ಇದ್ದದ್ದು ಕಾಣುವುದಿಲ್ಲ.

ಹೊರಗಿನವರ ಸಮಯವನ್ನೂ ನೋಡಿಕೊಳ್ಳಿ. ಈಚಿನ ವರ್ಷಗಳಲ್ಲಿ ಯುಎಇ ಫೆಡರಲ್ ಸರ್ಕಾರಿ ಕಚೇರಿಗಳು ರಂಜಾನ್‌ನಲ್ಲಿ ಸೋಮವಾರದಿಂದ ಗುರುವಾರ 9ರಿಂದ 2.30, ಶುಕ್ರವಾರ 9ರಿಂದ 12 ಅಂತ ಕೆಲಸ ಮಾಡುತ್ತಿವೆ. ಬ್ಯಾಂಕ್‌ಗಳ ಸಮಯವೂ ಬದಲಾಗುತ್ತದೆ. ಕಟ್-ಆಫ್, ಅಂದರೆ ಅವತ್ತಿನ ಪೇಮೆಂಟ್ ಅವತ್ತೇ ಹೋಗಲು ಇರುವ ಕೊನೆಯ ಸಮಯ, ಏನು ಅಂತ ಬ್ಯಾಂಕಿನಿಂದ ಬರಹದಲ್ಲಿ ತರಿಸಿಕೊಳ್ಳಿ.

ಭಾರತದಲ್ಲಿ ನಿಮಗೊಂದು ತಂಡ ಇದ್ದರೆ, ಯುಎಇಯ 9ರಿಂದ 4 ಅವರಿಗೆ 10.30ರಿಂದ 5.30. ಯುಎಇ ಕಡೆ ಬಾಗಿಲು ಹಾಕಿದ ಮೇಲೂ ಅವರ ಹತ್ತಿರ ಸುಮಾರು ಒಂದು ಗಂಟೆ ಇರುತ್ತದೆ. ಅದನ್ನು ಹೊಸ ಪ್ರಶ್ನೆ ಕೇಳುವುದಕ್ಕಲ್ಲ, ಮರುದಿನದ ಬಿಲ್‌ಗಳನ್ನು ವಿಂಗಡಿಸಿ ಇಡುವುದಕ್ಕೆ ಬಳಸಿ.

ಹಂತ 5: ಯಾರು ಉಪವಾಸ ಅಂತ ಕೇಳಬೇಡಿ, ಯಾವ ಸಮಯ ಬೇಕು ಅಂತ ಕೇಳಿ

ಇದು ಸೂಕ್ಷ್ಮದ ವಿಷಯ, ಆದರೆ ಪರಿಹಾರ ಸುಲಭ. ಉಪವಾಸ ಇರುವವರ ಪಟ್ಟಿ ಮಾಡಲು ಹೋಗಬೇಡಿ. ಮುಸ್ಲಿಂ ಆಗಿದ್ದರೂ ಕಾಯಿಲೆಯಿಂದ, ಗರ್ಭಿಣಿಯಾಗಿದ್ದರಿಂದ, ಮುಟ್ಟಿನ ದಿನಗಳಲ್ಲಿ ಉಪವಾಸ ಇರದವರು ಇರುತ್ತಾರೆ. ಅದನ್ನು ಕಚೇರಿಗೆ ವಿವರಿಸುವ ಪರಿಸ್ಥಿತಿ ಯಾರಿಗೂ ಬರಬಾರದು. ಅದರ ಬದಲು ಎಲ್ಲರಿಗೂ ಒಂದೇ ಫಾರ್ಮ್ ಕೊಡಿ: 8ರಿಂದ 3, 9ರಿಂದ 4, 10ರಿಂದ 5, ಇವುಗಳಲ್ಲಿ ಯಾವುದು ನಿಮಗೆ ಹೊಂದುತ್ತದೆ? 10ರಿಂದ 2 ಮಾತ್ರ, ಮಧ್ಯದ ವಿರಾಮ ಬಿಟ್ಟು, ಎಲ್ಲರೂ ಇರಲೇಬೇಕಾದ ಸಮಯ. ಒಪ್ಪಿಗೆ ಕೊಡುವವರು, ಕೇಳುವವರು ಒಟ್ಟಿಗೆ ಸಿಗಬೇಕಲ್ಲ.

ಕೆಲವರು ರಾತ್ರಿ ತರಾವೀಹ್ ಮುಗಿದ ಮೇಲೆ ಎರಡು ಗಂಟೆ ಕೆಲಸ ಮಾಡುತ್ತೇನೆ, ಹಗಲು ಬೇಗ ಹೊರಡುತ್ತೇನೆ ಅನ್ನುತ್ತಾರೆ. ಅವರಾಗಿಯೇ ಕೇಳಿದರೆ ಒಪ್ಪಬಹುದು, ಆದರೆ ಎರಡು ಷರತ್ತು. ಆ ಎರಡು ಗಂಟೆ ಹಗಲಿನ ಎರಡು ಗಂಟೆಯ ಬದಲಿಗೆ ಇರಬೇಕು, ಅದರ ಮೇಲೆ ಅಲ್ಲ. ಮತ್ತು ಯಾರ ಉತ್ತರಕ್ಕೂ ಕಾಯದೆ ಮಾಡಬಹುದಾದ ಕೆಲಸ ಆಗಿರಬೇಕು. ಒಬ್ಬರು ರಾತ್ರಿ ವಾಟ್ಸಾಪ್‌ನಲ್ಲಿ ಪ್ರಶ್ನೆ ಹಾಕಿದರೆ ಹತ್ತೂ ಜನರ ಫೋನ್ ಸದ್ದು ಮಾಡುತ್ತದೆ. ಹಾಗಾಗಿ ಸಂಜೆ 4ರಿಂದ ಬೆಳಿಗ್ಗೆ 9ರವರೆಗೆ ಗುಂಪಿಗೆ ಸಂದೇಶ ಬೇಡ ಅಂತ ಬರೆದೇ ಹೇಳಿ.

ಉಪವಾಸ ಇಲ್ಲದ ಸಹೋದ್ಯೋಗಿಗಳ ಮೇಲೆ ಸುಮ್ನೆ ಹೊರೆ ಹಾಕುವುದು ತುಂಬಾ ಸಾಮಾನ್ಯವಾದ ತಪ್ಪು. ಯುಎಇಯಲ್ಲಿ ಕಡಿಮೆ ಸಮಯದ ಹಕ್ಕು ಅವರಿಗೂ ಇದೆ. ಅವರನ್ನು 6ರವರೆಗೆ ಉಳಿಸಿದರೆ ತಂಡದಲ್ಲಿ ಎರಡು ಗುಂಪಾಗುತ್ತದೆ. ಆ ಅಸಮಾಧಾನ ಈದ್ ಆದ ಮೇಲೂ ಹೋಗುವುದಿಲ್ಲ.

ಹಂತ 6: ನಾಲ್ಕು ವಾರಕ್ಕೂ ಒಂದೇ ಗುರಿ ಇಡಬೇಡಿ

ಮೊದಲ ವಾರ ಕಷ್ಟದ್ದು. ದಿನವೂ ಕಾಫಿ ಕುಡಿಯುವವರಿಗೆ ಅದನ್ನು ಹಠಾತ್ತಾಗಿ ಬಿಟ್ಟ ಒಂದು ದಿನದೊಳಗೆ ತಲೆನೋವು ಶುರುವಾಗುತ್ತದೆ, ಕೆಲವರಿಗೆ ಒಂದು ವಾರ ಇರುತ್ತದೆ. ತಿಂಗಳು ಬರುವ ಹತ್ತು ದಿನ ಮುಂಚೆಯಿಂದ ಹಗಲಿನ ಕಾಫಿ ಕಡಿಮೆ ಮಾಡುತ್ತಾ ಬಂದರೆ ಇದು ತಗ್ಗುತ್ತದೆ. ಇದನ್ನು ಒಂದು ಮಾಹಿತಿಯಾಗಿ ಎಲ್ಲರಿಗೂ ಹೇಳಿ, ನಿಯಮ ಮಾಡಬೇಡಿ. ಎರಡನೇ, ಮೂರನೇ ವಾರ ದೇಹ ಹೊಂದಿಕೊಳ್ಳುತ್ತದೆ. ಕೊನೆಯ ಹತ್ತು ದಿನಗಳಲ್ಲಿ ರಾತ್ರಿಯ ಪ್ರಾರ್ಥನೆ ಹೆಚ್ಚು, ನಿದ್ದೆ ಎಲ್ಲಕ್ಕಿಂತ ಕಡಿಮೆ. ಶುಕ್ರವಾರ ಜುಮಾ ನಮಾಜ್‌ಗೆ ಹೋಗಿ ಬರಲು ಹೆಚ್ಚು ಸಮಯ ಬೇಕು.

ಇದನ್ನು ಗುರಿಯಲ್ಲಿ ಬರೆಯಿರಿ. ಎರಡನೇ ಮತ್ತು ಮೂರನೇ ವಾರ ಒಬ್ಬರಿಗೆ ದಿನಕ್ಕೆ 40 ಬಿಲ್. ಮೊದಲ ಮತ್ತು ಕೊನೆಯ ವಾರ 35. ಎಲ್ಲ ಶುಕ್ರವಾರಗಳೂ 30.

ಕೊರತೆ ಎಷ್ಟಾಯಿತು? ಮೊದಲ ವಾರದಲ್ಲಿ ನಾಲ್ಕು ದಿನ ಐದೈದು ಬಿಲ್, ಶುಕ್ರವಾರ ಹತ್ತು, ಅಂದರೆ ಒಬ್ಬರಿಗೆ 30, ಆರು ಜನರಿಗೆ 180. ಕೊನೆಯ ವಾರವೂ 180. ನಡುವಿನ ಎರಡು ವಾರಗಳಲ್ಲಿ ಶುಕ್ರವಾರದ 60 ಮಾತ್ರ, ಒಟ್ಟು 120. ಎಲ್ಲ ಸೇರಿ 480 ಬಿಲ್, ಅಂದರೆ ತಂಡದ ಎರಡು ದಿನದ ಕೆಲಸ. ನಾಲ್ಕು ವಾರದಲ್ಲಿ ಎರಡು ದಿನ. ಇದು ಹೆದರುವಂಥದ್ದಲ್ಲ, ಆದರೆ ಲೆಕ್ಕ ಹಾಕದೆ ಬಿಟ್ಟರೆ ಕೊನೆಯ ವಾರದಲ್ಲಿ ಒಟ್ಟಿಗೆ ಮೇಲೆ ಬೀಳುತ್ತದೆ.

ಇದರಲ್ಲಿ 300 ಬಿಲ್‌ಗಳನ್ನು ಮುಂಚೆಯೇ ಮುಗಿಸಿ. ಬಾಡಿಗೆ, ಇಂಟರ್ನೆಟ್, ನಿರ್ವಹಣೆಯ ವಾರ್ಷಿಕ ಒಪ್ಪಂದ, ಇಂಥವುಗಳ ಮೊತ್ತ ಮೊದಲೇ ಗೊತ್ತಿರುತ್ತದೆ. ಸಪ್ಲೈಯರ್‌ಗಳಿಗೆ ಹೇಳಿ ಎರಡು ವಾರ ಮೊದಲೇ ಬಿಲ್ ತರಿಸಿ, ದಾಖಲಿಸಿ ಇಟ್ಟುಬಿಡಿ. ಹಣ ಕೊಡುವ ದಿನಾಂಕ ಬದಲಾಗಬೇಕಿಲ್ಲ. ಯಾವ ತಿಂಗಳ ಖರ್ಚು ಅನ್ನುವುದನ್ನು ಮಾತ್ರ ಸರಿಯಾಗಿ ನಮೂದಿಸಿ, ಇಲ್ಲದಿದ್ದರೆ ತಿಂಗಳ ಲೆಕ್ಕ ತಪ್ಪುತ್ತದೆ. ಉಳಿದ 180 ಬಿಲ್, ಪಾವತಿಗೆ ಇನ್ನೂ 30 ದಿನಕ್ಕಿಂತ ಹೆಚ್ಚು ಗಡುವು ಇರುವಂಥವು, ಈದ್ ನಂತರಕ್ಕೆ. ಯಾವುವು ಅಂತ ಹೆಸರಿಟ್ಟು ಪಟ್ಟಿ ಮಾಡಿ.

ಹಂತ 7: ಈದ್ ದಿನಾಂಕವನ್ನು ನಂಬಿ ಗಡುವು ಇಡಬೇಡಿ

ತಿಂಗಳು 29 ದಿನವೋ 30 ದಿನವೋ ಅನ್ನುವುದು ಚಂದ್ರ ಕಂಡ ಮೇಲೆ ತೀರ್ಮಾನ. ಹಿಂದಿನ ರಾತ್ರಿಯೇ ಗೊತ್ತಾಗುವುದು. ದೇಶದಿಂದ ದೇಶಕ್ಕೂ ಒಂದು ದಿನ ವ್ಯತ್ಯಾಸ ಬರುತ್ತದೆ. 2025ರಲ್ಲಿ ಯುಎಇ, ಸೌದಿಯಲ್ಲಿ ಈದ್ ಮಾರ್ಚ್ 30ರಂದು, ಭಾರತದಲ್ಲಿ ಮಾರ್ಚ್ 31ರಂದು ಬಂತು. ಭಾರತದ ಹಣಕಾಸು ವರ್ಷ ಮುಗಿಯುವ ದಿನ ಅದು, ಉಳಿದೆಡೆ ಮೂರು ತಿಂಗಳ ಲೆಕ್ಕ ಮುಗಿಸುವ ದಿನ. ಎರಡೂ ಕಡೆ ಲೆಕ್ಕ ಇರುವ ಕಂಪನಿಗಳಿಗೆ ಎಂಥ ಇಕ್ಕಟ್ಟು ಅಂತ ಊಹಿಸಿ.

ಚಾಂದ್ರಮಾನ ವರ್ಷ ಸುಮಾರು 354 ದಿನ. ಹಾಗಾಗಿ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2027ರಲ್ಲಿ ಫೆಬ್ರುವರಿ 8ರ ಆಸುಪಾಸಿನಲ್ಲಿ ಶುರುವಾಗುವ ನಿರೀಕ್ಷೆ ಇದೆ. ಕಳೆದ ವರ್ಷದ ಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ, ಸೂರ್ಯಾಸ್ತದ ಹೊತ್ತೂ ತಿಂಗಳ ಕೊನೆಯ ಲೆಕ್ಕದ ದಿನವೂ ಬೇರೆಯಾಗಿರುತ್ತವೆ.

ನಿಯಮ ಸರಳ: ಉಪವಾಸದ 27ನೇ ದಿನದ ನಂತರ ಯಾವ ಗಡುವೂ ಬೇಡ. ಈದ್ ಮುಂಚೆ ಹೋಗಬೇಕಾದ ಸಂಬಳ, ಪೇಮೆಂಟ್ ಎಲ್ಲವೂ ಅಷ್ಟರೊಳಗೆ ಬ್ಯಾಂಕಿಗೆ ತಲುಪಿರಬೇಕು.

ಹಂತ 8: ಎಲ್ಲ ಸರಿ ಇದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ದಿನದ ಬಿಲ್ ಸಂಖ್ಯೆ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ನಾಲ್ಕು ಸಂಖ್ಯೆ ಪ್ರತಿ ದಿನ ಬರೆದಿಡಿ: ಮುಗಿದ ಬಿಲ್, ಎಲ್ಲಕ್ಕಿಂತ ಹಳೆಯ ಬಿಲ್ ಎಷ್ಟು ದಿನದ್ದು, ಪರಿಶೀಲನೆಯಲ್ಲಿ ಸಿಕ್ಕ ತಪ್ಪುಗಳು, 9ರಿಂದ 4ರ ಸಮಯ ಆರಿಸಿಕೊಂಡವರಲ್ಲಿ ಕೊನೆಯವರು ಲಾಗ್‌ಔಟ್ ಆದ ಸಮಯ.

ಬಿಲ್ ಸಂಖ್ಯೆ 40 ಇದೆ, ಆದರೆ ಲಾಗ್‌ಔಟ್ 4.45 ಆಗಿದೆ ಅಂದರೆ ಹೊಂದಾಣಿಕೆ ಆಗಿಲ್ಲ, ಜನ ತಮ್ಮ ಸಮಯ ಕೊಟ್ಟು ತುಂಬುತ್ತಿದ್ದಾರೆ. ಬಿಲ್ ಸಂಖ್ಯೆ ಸರಿ ಇದೆ, ಆದರೆ ಹಳೆಯ ಬಿಲ್‌ನ ವಯಸ್ಸು ಏರುತ್ತಿದೆ ಅಂದರೆ ಸುಲಭದ್ದನ್ನು ಮಾತ್ರ ಆರಿಸಿ ಮುಗಿಸುತ್ತಿದ್ದಾರೆ. ಇದು ಗುರಿ ಜಾಸ್ತಿ ಆಗಿರುವ ಲಕ್ಷಣ, ಯಾರ ಮೇಲೂ ರೇಗಬೇಡಿ. ತಪ್ಪುಗಳು ಮಧ್ಯಾಹ್ನ 2ರ ಮೇಲೆ ಹಾಕಿದ ಬಿಲ್‌ಗಳಲ್ಲೇ ಇದ್ದರೆ ಕಷ್ಟದ ಬಿಲ್‌ಗಳು ಬೆಳಗಿನಿಂದ ಜಾರಿ ಅಲ್ಲಿಗೆ ಬಂದಿವೆ. ಬಹುಶಃ ಯಾರೋ ಬೆಳಿಗ್ಗೆ ಮೀಟಿಂಗ್‌ಗೆ ಕರೆಯಲು ಶುರು ಮಾಡಿದ್ದಾರೆ, ಕ್ಯಾಲೆಂಡರ್ ನೋಡಿ.

ಎರಡು ದಿನ ಸತತವಾಗಿ ಲಾಗ್‌ಔಟ್ 4.15 ದಾಟಿದರೆ ಗುರಿಯನ್ನು ಮೂರು ಬಿಲ್ ಇಳಿಸಿ, ಈದ್ ನಂತರದ ಪಟ್ಟಿಗೆ ಅಷ್ಟು ಸೇರಿಸಿ. ವಾರ ಮುಗಿಯಲಿ ಅಂತ ಕಾಯಬೇಡಿ. ನಾಲ್ಕೇ ವಾರದ ತಿಂಗಳಲ್ಲಿ ಒಂದು ವಾರ ಕಾಯುವುದು ಜಾಸ್ತಿಯಾಯಿತು.

ಈದ್ ಆದ ಮೇಲೆ

ರಜೆ ಮುಗಿದು ಬಂದ ಮೊದಲ ದಿನವೇ ಎಂಟು ಗಂಟೆಯೂ 40 ಬಿಲ್‌ನ ಗುರಿಯೂ ಒಟ್ಟಿಗೆ ಬರುತ್ತವೆ, ಜೊತೆಗೆ ಮುಂದಕ್ಕೆ ಹಾಕಿದ 180 ಬಿಲ್. ನಿದ್ದೆಯ ಹೊತ್ತು ಮಾಮೂಲಿಗೆ ಮರಳಲು ಕೆಲವು ದಿನ ಬೇಕು, ಆದ್ದರಿಂದ 180ನ್ನು ಒಂದೇ ದಿನ ಹಂಚಬೇಡಿ. ಆರು ಜನರಿಗೆ ದಿನಕ್ಕೆ ಮೂರು ಜಾಸ್ತಿ ಅಂತ ಇಟ್ಟರೆ ಹತ್ತು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಬಿಲ್ ತೆಗೆದುಕೊಳ್ಳುವಾಗಿನ ಮೂರು ಪ್ರಶ್ನೆಗಳ ಪರಿಶೀಲನೆಯನ್ನೂ ಹದಿನೈದು ನಿಮಿಷದ ಬೆಳಗಿನ ಮಾತನ್ನೂ ಈಗ ತೆಗೆಯಬೇಡಿ. ಅವು ಇದ್ದರೆ ಎಂಟು ಗಂಟೆಯ ದಿನದಲ್ಲಿ ಆ ಮೂರು ಬಿಲ್‌ಗೆ ಬೇಕಾದ ಇಪ್ಪತ್ತು ನಿಮಿಷ ಆರಾಮಾಗಿ ಸಿಗುತ್ತದೆ.